ಫೋಟೋದಲ್ಲಿ ತಿದ್ದಿದ ಹುಬ್ಬು ಅಂಟಿಸಿದ ಹಾಗೆ ಕಾಣುತ್ತಿದೆಯಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಗೆಳತಿಯ ಒಂದು ಫೋಟೋ ತಿದ್ದುತ್ತಾ ಇದ್ದೆ. ಮುಖ ಮತ್ತು ಭುಜ ಮಾತ್ರ ಇರುವ ಉದ್ದ ಚಿತ್ರ, 4000 × 6000 ಪಿಕ್ಸೆಲ್. ಅವಳ ಕೋರಿಕೆ ಮೂರು. ಬಲ ಹುಬ್ಬಿನ ಬಾಲದಲ್ಲಿ, ಅಂದರೆ ಕಿವಿಯ ಕಡೆಯ ತುದಿಯಲ್ಲಿ, ಕೂದಲು ತೆಳುವಾಗಿದೆ, ಅಲ್ಲಿ ತುಂಬಬೇಕು. ಎಡ ಹುಬ್ಬಿನ ಕೆಳಗೆ ಚೆಲ್ಲಾಪಿಲ್ಲಿ ಬೆಳೆದ ಕೂದಲು ತೆಗೆಯಬೇಕು. ತಲೆಗೂದಲಿಗೆ ಕಂದು ಬಣ್ಣ ಹಾಕಿಸಿಕೊಂಡಿದ್ದಳು, ಹುಬ್ಬು ಮಾತ್ರ ಕಪ್ಪಾಗಿ ಉಳಿದು ಬೇರೆಯೇ ಕಾಣುತ್ತಿತ್ತು, ಅದನ್ನೂ ಸ್ವಲ್ಪ ಕಂದು ಮಾಡಬೇಕು.

ಹತ್ತಿರದಿಂದ ನೋಡುತ್ತಾ ಎಲ್ಲ ಮಾಡಿದೆ. 200% ಝೂಮ್‌ನಲ್ಲಿ ಒಂದೊಂದು ಎಳೆಯೂ ಚೆನ್ನಾಗೇ ಕಂಡಿತು. ಪೂರ್ತಿ ಮುಖ ತೆರೆಗೆ ತಂದಾಗ ಬಲ ಹುಬ್ಬು ಮಾತ್ರ ಸ್ಟಿಕ್ಕರ್ ಅಂಟಿಸಿದ ಹಾಗೆ ಮುಂದೆ ಎದ್ದು ನಿಂತಿತ್ತು. ಅವಳಿಗೆ ಕಳಿಸಿದೆ. "ಏನೋ ಸರಿಯಿಲ್ಲ ಕಣೇ, ಇದು ನನ್ನ ಹುಬ್ಬು ಅನ್ನಿಸ್ತಾ ಇಲ್ಲ" ಅಂದಳು. ಏನು ಸರಿಯಿಲ್ಲ ಅಂತ ಅವಳಿಗೂ ಹೇಳಲು ಬರಲಿಲ್ಲ. ನಾನು ಬಣ್ಣದ ತಪ್ಪು ಅಂದುಕೊಂಡು ಒಂದು ಗಂಟೆ ಬ್ರಷ್‌ನ ಬಣ್ಣ ಬದಲಿಸುತ್ತಾ ಕೂತೆ. ತಪ್ಪು ಬಣ್ಣದಲ್ಲಿ ಇರಲೇ ಇಲ್ಲ, ಕೂದಲು ಮಲಗುವ ದಿಕ್ಕಿನಲ್ಲಿತ್ತು.

ಹುಬ್ಬು ತಿದ್ದುವಾಗ ಆಗುವ ತೊಂದರೆಗಳಲ್ಲಿ ಬಹುಪಾಲು ಹೀಗೇನೇ. ಕಣ್ಣಿಗೆ "ಸರಿಯಿಲ್ಲ" ಅನ್ನುವುದು ಒಂದೇ ಅನಿಸಿಕೆಯಾಗಿ ಬರುತ್ತದೆ, ಕಾರಣ ಮಾತ್ರ ನಾಲ್ಕೈದು ಬೇರೆ ಬೇರೆ. ಹಾಗಾಗಿ ಮೊದಲು ತಪ್ಪು ಯಾವ ಜಾತಿಯದು ಅಂತ ಗೊತ್ತುಮಾಡಿಕೊಳ್ಳಿ, ಆಮೇಲೆ ಬ್ರಷ್ ಮುಟ್ಟಿ. ನಾನು ಫೋಟೋಶಾಪ್‌ನಲ್ಲಿ ಮಾಡಿದ್ದನ್ನು ಹೇಳುತ್ತೇನೆ, ಗಿಂಪ್‌ನಲ್ಲಿ ದಾರಿ ಬೇರೆ ಇರುವ ಕಡೆ ಅದನ್ನೂ ಹೇಳುತ್ತೇನೆ.

ಒಂದು ಮಾತು ಮೊದಲೇ. ಮೂಲ ಚಿತ್ರದ ಮೇಲೆ ನೇರವಾಗಿ ಏನನ್ನೂ ಬರೆಯಬೇಡಿ. ತುಂಬಿಸಿದ ಎಳೆಗಳಿಗೆ ಒಂದು ಲೇಯರ್, ತೆಗೆದ ಕೂದಲಿಗೆ ಒಂದು, ಬಣ್ಣಕ್ಕೆ ಒಂದು. ಹೀಗೆ ಬೇರೆ ಬೇರೆ ಇದ್ದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು ನೋಡಬಹುದು. ಎಲ್ಲವೂ ಒಂದೇ ಲೇಯರ್‌ನಲ್ಲಿ ಬೆರೆತುಹೋಗಿದ್ದರೆ ಮುಂದೆ ಹೇಳುವ ಪರೀಕ್ಷೆಗಳಿಂದ ಹೆಚ್ಚು ಪ್ರಯೋಜನ ಆಗುವುದಿಲ್ಲ.

ಮೂರು ಪರೀಕ್ಷೆ

ಮೊದಲನೆಯದು ದೂರದಿಂದ ನೋಡುವುದು. ಚಿತ್ರವನ್ನು 25%ಗೆ ಇಳಿಸಿ. ಆಗ ಒಂದೊಂದು ಕೂದಲು ಕಾಣುವುದಿಲ್ಲ, ಹುಬ್ಬಿನ ಆಕಾರ ಮತ್ತು ಕಪ್ಪಿನ ಪ್ರಮಾಣ ಮಾತ್ರ ಉಳಿಯುತ್ತದೆ. ಇಲ್ಲೂ ಹುಬ್ಬು ಎದ್ದು ಕಂಡರೆ ಸಾಂದ್ರತೆಯಲ್ಲೋ, ಅಂಚಿನಲ್ಲೋ, ದಿಕ್ಕಿನಲ್ಲೋ, ಬಣ್ಣದಲ್ಲೋ ತಪ್ಪಿದೆ. 25%ನಲ್ಲಿ ಚೆನ್ನಾಗಿದ್ದು 100%ನಲ್ಲಿ ಮಾತ್ರ ಕೆಟ್ಟದಾಗಿ ಕಂಡರೆ ಅದು ಮೇಲ್ಮೈಯ ತಪ್ಪು. ಅಂದರೆ ಎಳೆ ಜಾಸ್ತಿ ಚೂಪಾಗಿದೆ, ಅಥವಾ ಫೋಟೋದಲ್ಲಿ ಎಲ್ಲ ಕಡೆ ಹರಡಿರುವ ಸಣ್ಣ ಚುಕ್ಕೆಗಳು, ಅಂದರೆ ಕಾಳು, ಅದರಲ್ಲಿ ಇಲ್ಲ.

ಎರಡನೆಯದು ಬಣ್ಣ ತೆಗೆದು ನೋಡುವುದು. ಎಲ್ಲಕ್ಕಿಂತ ಮೇಲೆ ಒಂದು `Black & White` ಅಡ್ಜಸ್ಟ್‌ಮೆಂಟ್ ಲೇಯರ್ ಇಡಿ. ಗಿಂಪ್‌ನಲ್ಲಾದರೆ ಬೂದು ಬಣ್ಣ ತುಂಬಿದ ಒಂದು ಲೇಯರ್ ಮೇಲಿಟ್ಟು ಅದರ ಮೋಡ್ ಅನ್ನು `LCh Color` ಮಾಡಿ. ಚಿತ್ರ ಕಪ್ಪು ಬಿಳುಪಾದ ತಕ್ಷಣ ಹುಬ್ಬು ಸರಿಹೋದರೆ ತಪ್ಪು ಬಣ್ಣದ್ದು. ಕಪ್ಪು ಬಿಳುಪಿನಲ್ಲೂ ಹಾಗೇ ಎದ್ದು ನಿಂತರೆ ಬಣ್ಣವನ್ನು ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಈ ಅರ್ಧ ನಿಮಿಷದ ಪರೀಕ್ಷೆ ಮಾಡಿದ್ದರೆ ನನ್ನ ಆ ಒಂದು ಗಂಟೆ ಉಳಿಯುತ್ತಿತ್ತು.

ಮೂರನೆಯದು ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸುವುದು. `Image > Image Rotation > Flip Canvas Horizontal`. ತುಂಬಾ ಹೊತ್ತು ಒಂದೇ ಮುಖ ನೋಡಿದ ಕಣ್ಣಿಗೆ ತಪ್ಪುಗಳೂ ಅಭ್ಯಾಸ ಆಗಿಬಿಡುತ್ತವೆ. ತಿರುಗಿಸಿದಾಗ ಮುಖ ಹೊಸದಾಗಿ ಕಾಣುತ್ತದೆ, ಬಾಲ ಕೆಳಗೆ ಜಾರಿದ್ದರೆ ಅಥವಾ ಒಂದು ಹುಬ್ಬು ಇನ್ನೊಂದಕ್ಕಿಂತ ಭಾರವಾಗಿದ್ದರೆ ಗೊತ್ತಾಗುತ್ತದೆ. ನೋಡಿದ ಮೇಲೆ ಮರೆಯದೆ ವಾಪಸ್ ತಿರುಗಿಸಿ.

ನನ್ನ ಚಿತ್ರ ಮೊದಲನೆಯ ಪರೀಕ್ಷೆಯಲ್ಲಿ ಎದ್ದು ಕಂಡಿತು, ಎರಡನೆಯದರಲ್ಲೂ ಹಾಗೇ ಉಳಿಯಿತು. ಅಲ್ಲಿಗೆ ಬಣ್ಣವೂ ಅಲ್ಲ, ಕಾಳೂ ಅಲ್ಲ ಅಂತಾಯಿತು.

ದಿಕ್ಕು ತಪ್ಪಿದ್ದರೆ

ಹುಬ್ಬಿನ ಕೂದಲು ಎಲ್ಲ ಕಡೆ ಒಂದೇ ದಿಕ್ಕಿಗೆ ಬೆಳೆಯುವುದಿಲ್ಲ. ಮೂಗಿನ ಹತ್ತಿರದ ತುದಿಯಲ್ಲಿ, ಅದನ್ನು ಹುಬ್ಬಿನ ತಲೆ ಅನ್ನೋಣ, ಕೂದಲು ಹೆಚ್ಚು ಕಡಿಮೆ ನೇರ ಮೇಲಕ್ಕೆ ನಿಲ್ಲುತ್ತದೆ. ಅಲ್ಲಿಂದ ಹೊರಗೆ ಬರುತ್ತಾ ಕಿವಿಯ ಕಡೆ ವಾಲುತ್ತದೆ. ನಡುಭಾಗಕ್ಕೆ ಬಂದಾಗ ಎರಡು ಸಾಲು ಬೇರೆಯಾಗುತ್ತವೆ. ಕೆಳಗಿನ ಸಾಲಿನ ಕೂದಲು ಮೇಲಕ್ಕೂ ಹೊರಕ್ಕೂ ಹೋಗುತ್ತದೆ, ಮೇಲಿನ ಸಾಲಿನ ಕೂದಲು ಕೆಳಕ್ಕೂ ಹೊರಕ್ಕೂ ಬರುತ್ತದೆ. ಎರಡೂ ನಡುವೆ ಒಂದು ಗೆರೆಯಲ್ಲಿ ಸೇರಿ ಒಂದರ ಮೇಲೊಂದು ಮಲಗುತ್ತವೆ. ಹುಬ್ಬಿನ ಉದ್ದಕ್ಕೂ ಕಾಣುವ ಕಡುಗಪ್ಪಿನ ಬೆನ್ನು ಇದೇ. ಬಾಲದಲ್ಲಿ ಎರಡೂ ಸಾಲು ಹೊರಗೆ ಮತ್ತು ಸ್ವಲ್ಪ ಕೆಳಗೆ ಹರಿಯುತ್ತವೆ.

ನಾನು ಏನು ಮಾಡಿದ್ದೆ ಗೊತ್ತಾ? ಬಾಲದ ಖಾಲಿ ಜಾಗದಲ್ಲಿ ಎಲ್ಲ ಎಳೆಗಳನ್ನೂ ಕೆಳಗಿನಿಂದ ಮೇಲಕ್ಕೆ, ಒಂದೇ ಕೋನದಲ್ಲಿ, ಬಾಚಣಿಗೆಯ ಹಲ್ಲಿನ ಹಾಗೆ ಬರೆದಿದ್ದೆ. ಮೇಲಿನ ಸಾಲೇ ಇರಲಿಲ್ಲ. ಅದಕ್ಕೇ ಬೆನ್ನಿನ ಗೆರೆ ಅರ್ಧದಲ್ಲಿ ನಿಂತುಹೋಗಿತ್ತು, ಮೇಲಿನ ಅಂಚಿನಲ್ಲಿ ಚೂಪು ತುದಿಗಳು ಬೇಲಿಯ ಹಾಗೆ ಸಾಲಾಗಿ ನಿಂತಿದ್ದವು. 25%ನಲ್ಲಿ ಎಳೆ ಕಾಣದಿದ್ದರೂ ಆ ಬೇಲಿ ಒಂದು ಗಡುಸು ಗೆರೆಯಾಗಿ ಕಾಣುತ್ತಿತ್ತು.

ಇದನ್ನು ಸರಿಮಾಡುವುದು ಹೀಗೆ. ಬರೆದ ಎಳೆಗಳ ಲೇಯರ್ ಮುಚ್ಚಿ, ಮೂಲ ಹುಬ್ಬನ್ನು ಮಾತ್ರ 300%ನಲ್ಲಿ ನೋಡಿ. ಖಾಲಿ ಲೇಯರ್ ಮೇಲೆ, ಯಾವುದಾದರೂ ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ, ಸುಮಾರು 40–50 ಪಿಕ್ಸೆಲ್‌ಗೆ ಒಂದರಂತೆ ಸಣ್ಣ ಬಾಣ ಹಾಕುತ್ತಾ ಹೋಗಿ. ನಿಜವಾದ ಕೂದಲು ಯಾವ ಕಡೆ ಹೋಗುತ್ತದೋ ಬಾಣವೂ ಆ ಕಡೆ. ಮೇಲಿನ ಸಾಲಿಗೆ ಒಂದಷ್ಟು, ಕೆಳಗಿನ ಸಾಲಿಗೆ ಒಂದಷ್ಟು. ಕೂದಲೇ ಇಲ್ಲದ ಜಾಗ ಬಂದಾಗ ಅದರ ಎರಡೂ ಬದಿಯ ಬಾಣಗಳನ್ನು ನೋಡಿ ನಡುವಿನ ಕೋನ ಹಿಡಿಯಿರಿ. ಬಾಲದ ತುದಿಯಲ್ಲಿ ಏನೂ ಉಳಿದಿಲ್ಲ ಅಂದರೆ ಇನ್ನೊಂದು ಹುಬ್ಬಿನ ಬಾಲ ನೋಡಿ ಅದರ ಕನ್ನಡಿ ಕೋನ ತೆಗೆದುಕೊಳ್ಳಿ. ಕೋನ ಮಾತ್ರ, ಕೂದಲನ್ನಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಈಗ ಬಾಣಗಳ ಮೇಲೆ ಎಳೆ ಬರೆಯಿರಿ. ಬೇರಿನಿಂದ ಶುರುಮಾಡಿ ತುದಿಯ ಕಡೆಗೆ ಎಳೆಯಬೇಕು, ಉಲ್ಟಾ ಅಲ್ಲ. ಬೇರು ದಪ್ಪ, ತುದಿ ಸಣ್ಣ. ಡ್ರಾಯಿಂಗ್ ಟ್ಯಾಬ್ಲೆಟ್ ಇದ್ದರೆ ಒತ್ತಡಕ್ಕೆ ತಕ್ಕ ಹಾಗೆ ಬ್ರಷ್ ಗಾತ್ರ ಬದಲಾಗುವಂತೆ ಇಟ್ಟುಕೊಂಡು ಕೊನೆಯಲ್ಲಿ ಕೈ ಎತ್ತಿದರೆ ತುದಿ ತಾನಾಗಿಯೇ ಸಣ್ಣ ಆಗುತ್ತದೆ. ಮೌಸ್ ಮಾತ್ರ ಇದ್ದವರೂ ಬ್ರಷ್ ಅನ್ನು ಹಾಗೇ ಇಟ್ಟುಕೊಂಡು, ಪೆನ್ ಟೂಲ್‌ನಿಂದ ಸಣ್ಣ ಬಾಗಿದ ಪಾತ್ ಹಾಕಿ, `Stroke Path`ನಲ್ಲಿ `Simulate Pressure` ಆರಿಸಿ. ಗಿಂಪ್‌ನಲ್ಲಿ ಇದೇ ಕೆಲಸಕ್ಕೆ `Emulate brush dynamics` ಇದೆ. ಪಾತ್‌ನಿಂದ ಬರೆದಾಗ ಎಳೆಯ ಎರಡೂ ಕೊನೆ ಸಣ್ಣ ಆಗುತ್ತದೆ, ಹಾಗಾಗಿ ಬೇರಿನ ಕಡೆಯ ಕೊನೆ ಇರುವ ಕೂದಲ ಅಡಿಗೆ ಸೇರುವಂತೆ ಸ್ವಲ್ಪ ಒಳಗಿನಿಂದ ಶುರುಮಾಡಿ.

ಎಳೆ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಊಹಿಸಬೇಡಿ, ಅಳೆಯಿರಿ. ಹುಬ್ಬಿನಿಂದ ದೂರ ಒಂಟಿಯಾಗಿ ನಿಂತ ಒಂದು ಕೂದಲನ್ನು ಹುಡುಕಿ, ಪಿಕ್ಸೆಲ್ ಚೌಕಗಳು ಕಾಣುವಷ್ಟು ಝೂಮ್ ಮಾಡಿ, ಎಣಿಸಿ. ನನ್ನ ಚಿತ್ರದಲ್ಲಿ ಹುಬ್ಬು ಸುಮಾರು 550 ಪಿಕ್ಸೆಲ್ ಅಗಲ ಇತ್ತು, ಒಂಟಿ ಕೂದಲು ಬೇರಿನ ಹತ್ತಿರ 2 ಪಿಕ್ಸೆಲ್, ತುದಿಯಲ್ಲಿ ಒಂದಕ್ಕಿಂತ ಕಡಿಮೆ. ಉದ್ದ 60ರಿಂದ 90 ಪಿಕ್ಸೆಲ್. ನಾನು ಮೊದಲು 5 ಪಿಕ್ಸೆಲ್ ಬ್ರಷ್‌ನಲ್ಲಿ ಬರೆದಿದ್ದೆ, ಅಂದರೆ ಎರಡೂವರೆ ಪಟ್ಟು ದಪ್ಪ.

ಇನ್ನೊಂದು ವಿಷಯ, ಬಾಣದ ಕೋನವನ್ನೇ ಅಚ್ಚೊತ್ತಿದ ಹಾಗೆ ಪಾಲಿಸಬೇಡಿ. ನಿಜವಾದ ಕೂದಲು ಆ ಕಡೆ ಈ ಕಡೆ ಹತ್ತು ಹದಿನೈದು ಡಿಗ್ರಿ ವಾಲುತ್ತದೆ, ಒಂದೆರಡು ಇನ್ನೊಂದರ ಮೇಲೆ ಅಡ್ಡ ಬೀಳುತ್ತವೆ, ಒಂದು ಗಿಡ್ಡ ಇರುತ್ತದೆ. ನಾನು ಎರಡನೇ ಸಲ ಬರೆದಾಗ ಬಾಲಕ್ಕೆ ಸುಮಾರು ನಲವತ್ತು ಎಳೆ ಸಾಕಾಯಿತು. ಕೆಳಗಿನ ಸಾಲಿಗೆ ಇಪ್ಪತ್ತೈದು, ಮೇಲಿನದಕ್ಕೆ ಹದಿನೈದು. ಮೊದಲ ಸಲ ಅದೇ ಜಾಗಕ್ಕೆ ನೂರರ ಹತ್ತಿರ ಬರೆದಿದ್ದೆ. ದಿಕ್ಕು ಸರಿಯಿದ್ದರೆ ಕಡಿಮೆ ಕೂದಲೇ ತುಂಬಿದ ಹಾಗೆ ಕಾಣುತ್ತದೆ, ಯಾಕೆಂದರೆ ಎರಡು ಸಾಲು ಸೇರುವ ಕಡೆ ಕಪ್ಪು ತಾನಾಗಿಯೇ ಕೂಡಿಕೊಳ್ಳುತ್ತದೆ.

ಕಪ್ಪು ಜಾಸ್ತಿಯಾಗಿದ್ದರೆ, ಅಂಚು ಗಡುಸಾಗಿದ್ದರೆ

ದಿಕ್ಕು ಸರಿಹೋದ ಮೇಲೂ 25%ನಲ್ಲಿ ಭಾರ ಕಾಣುತ್ತಿದ್ದರೆ ಬ್ರಷ್‌ಗೆ ಬಣ್ಣ ಎಲ್ಲಿಂದ ತೆಗೆದಿರಿ ಅಂತ ನೆನಪಿಸಿಕೊಳ್ಳಿ. ಎಲ್ಲರೂ ಐಡ್ರಾಪರ್ ಅನ್ನು ಹುಬ್ಬಿನ ನಡುವೆ, ಅತಿ ಕಪ್ಪಗಿರುವ ಜಾಗದಲ್ಲಿ ಒತ್ತುತ್ತಾರೆ. ಅದು ಒಂದು ಕೂದಲಿನ ಬಣ್ಣ ಅಲ್ಲ. ಅಲ್ಲಿ ನಾಲ್ಕೈದು ಕೂದಲು ಒಂದರ ಮೇಲೊಂದು ಬಿದ್ದಿವೆ, ಅವುಗಳ ನೆರಳೂ ಸೇರಿದೆ. ಆ ಬಣ್ಣದಲ್ಲಿ ಒಂಟಿ ಎಳೆ ಬರೆದರೆ ಅದು ಪೆನ್ನಿನ ಗೀರಾಗುತ್ತದೆ. ಒಂಟಿ ಕೂದಲಿನಿಂದಲೇ ಬಣ್ಣ ತೆಗೆಯಿರಿ, ಐಡ್ರಾಪರ್‌ನ `Sample Size` ಅನ್ನು `Point Sample`ಗೆ ಇಟ್ಟು. ಒಂದಲ್ಲ, ಮೂರು ಬಣ್ಣ ತೆಗೆಯಿರಿ: ಒಂದು ಕಡು, ಒಂದು ನಡು, ಒಂದು ಬೆಳಕು ಬಿದ್ದ ಕೂದಲಿನದು. ಬದಲಿಸುತ್ತಾ ಬರೆಯಿರಿ. ಬ್ರಷ್ ಒಪ್ಯಾಸಿಟಿ 60–70% ಇದ್ದರೆ ಎಳೆಗಳು ಒಂದರ ಮೇಲೊಂದು ಬಿದ್ದ ಕಡೆ ಮಾತ್ರ ಕಪ್ಪಾಗುತ್ತದೆ, ನಿಜವಾದ ಹುಬ್ಬಿನ ಹಾಗೆಯೇ.

ಇದಕ್ಕೆ ವಿರುದ್ಧದ ತಪ್ಪೂ ಇದೆ. ಎಳೆಗಳೆಲ್ಲ ಸರಿಯಿವೆ, ಆದರೆ ಚರ್ಮದಿಂದ ಮೇಲೆ ತೇಲುತ್ತಿರುವ ಹಾಗೆ ಕಾಣುತ್ತವೆ. ನಿಜವಾದ ಕೂದಲಿನ ಬುಡದಲ್ಲಿ ಚರ್ಮಕ್ಕೆ ಸ್ವಲ್ಪ ನೆರಳು ಬೀಳುತ್ತದೆ, ನೀವು ಬರೆದ ಎಳೆಗಳ ಕೆಳಗೆ ಚರ್ಮ ಇನ್ನೂ ಖಾಲಿ ಜಾಗದಷ್ಟೇ ಬೆಳ್ಳಗಿದೆ. ಎಳೆಗಳ ಲೇಯರ್ ಕೆಳಗೆ ಇನ್ನೊಂದು ಲೇಯರ್ ಇಟ್ಟು, ಮೋಡ್ `Multiply` ಮಾಡಿ, ಹತ್ತಿರದ ಚರ್ಮದಿಂದಲೇ ತೆಗೆದ ಬಣ್ಣದಲ್ಲಿ, ಮೃದು ಬ್ರಷ್‌ನಿಂದ, 5–10% ಒಪ್ಯಾಸಿಟಿಯಲ್ಲಿ ಒಮ್ಮೆ ಸವರಿ. ಇಲ್ಲಿ ಕಪ್ಪು ಬಣ್ಣ ಬಳಸಬೇಡಿ, ಚರ್ಮ ಬೂದಿ ಬಳಿದ ಹಾಗೆ ಆಗುತ್ತದೆ. ಈ ಲೇಯರ್ ಮುಚ್ಚಿದಾಗ ಮಾತ್ರ ಅದು ಇತ್ತು ಅಂತ ಗೊತ್ತಾಗಬೇಕು, ಅಷ್ಟು ತೆಳು.

ಅಂಚಿನ ವಿಷಯಕ್ಕೆ ಬಂದರೆ, ಹುಬ್ಬಿನ ತಲೆಯನ್ನು ಗೋಡೆಯ ಹಾಗೆ ನೇರವಾಗಿ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. ತಲೆಯ ಕಡೆ ಕೂದಲು ಸಣ್ಣದು, ವಿರಳ, ನಡುವೆ ಚರ್ಮ ಕಾಣುತ್ತದೆ. ಅಲ್ಲಿ ಮೊದಲ ಹತ್ತು ಎಳೆಗಳನ್ನು ಅರ್ಧ ಒಪ್ಯಾಸಿಟಿಯಲ್ಲಿ ಬರೆದು ಒಳಗೆ ಹೋಗುತ್ತಾ ಹೆಚ್ಚಿಸಿ. ಕೆಳಗಿನ ಅಂಚು ಸಾಮಾನ್ಯವಾಗಿ ಮೇಲಿನದಕ್ಕಿಂತ ಸ್ವಲ್ಪ ಸ್ಪಷ್ಟ ಇರುತ್ತದೆ, ಆದರೆ ನಿಮ್ಮ ಫೋಟೋದ ಹುಬ್ಬು ಹೇಗಿದೆ ಅನ್ನುವುದೇ ಅಂತಿಮ.

ಕೂದಲು ತೆಗೆದ ಜಾಗ ಮಸಿಯಾಗಿದ್ದರೆ

ಎಡ ಹುಬ್ಬಿನ ಕೆಳಗೆ ಇದ್ದ ಕೂದಲನ್ನು ನಾನು `Healing Brush`ನಿಂದ ತೆಗೆದೆ. ದೂರದ ಕೂದಲು ಚೆನ್ನಾಗಿ ಹೋಯಿತು. ಹುಬ್ಬಿಗೆ ತಾಗಿಕೊಂಡಿದ್ದವನ್ನು ತೆಗೆದಾಗ ಮಾತ್ರ ಅಲ್ಲಿ ಬೂದು ಮಸಿ ಉಳಿಯಿತು, ಬೆರಳಿನಿಂದ ಒರೆಸಿದ ಹಾಗೆ. ಮತ್ತೆ ಮತ್ತೆ ಅದೇ ಬ್ರಷ್ ಒತ್ತಿದರೆ ಮಸಿ ಹರಡುತ್ತಾ ಹೋಗುತ್ತದೆ.

ಕಾರಣ ಆ ಟೂಲ್ ಕೆಲಸ ಮಾಡುವ ರೀತಿಯಲ್ಲೇ ಇದೆ. ಅದು ಮೇಲ್ಮೈಯನ್ನು ನೀವು ತೋರಿಸಿದ ಜಾಗದಿಂದ ತರುತ್ತದೆ, ಬಣ್ಣ ಮತ್ತು ಬೆಳಕನ್ನು ಬ್ರಷ್ ಗುರುತಿನ ಸುತ್ತಲಿನ ಅಂಚಿನಿಂದ ತೆಗೆದುಕೊಳ್ಳುತ್ತದೆ. ಅಂಚಿನ ಒಂದು ಬದಿ ಹುಬ್ಬನ್ನು ಮುಟ್ಟಿದರೆ ಆ ಕಪ್ಪು ಒಳಗೆ ಸೋರುತ್ತದೆ. ಹಾಗಾಗಿ ಮೊದಲು ಲಾಸೋದಿಂದ ಸೆಲೆಕ್ಷನ್ ಹಾಕಿ. ತೆಗೆಯಬೇಕಾದ ಜಾಗಕ್ಕಿಂತ ಸ್ವಲ್ಪ ದೊಡ್ಡದಿರಲಿ, ಹುಬ್ಬಿನ ಕಡೆ ಮಾತ್ರ ನೀವು ಉಳಿಸಬೇಕೆಂದಿರುವ ಅಂಚಿನ ಗೆರೆಯನ್ನೇ ಅನುಸರಿಸಿ. ಸೆಲೆಕ್ಷನ್ ಇದ್ದರೆ ಹೊರಗಿನ ಬಣ್ಣ ಒಳಗೆ ಬರುವುದಿಲ್ಲ. ಹುಬ್ಬಿಗೆ ಪೂರ್ತಿ ಅಂಟಿಕೊಂಡಿರುವ ಎರಡು ಮೂರು ಪಿಕ್ಸೆಲ್‌ಗೆ `Clone Stamp` ಬಳಸಿ, ಅದು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತದೆ, ಬೆರೆಸುವುದಿಲ್ಲ. ಎರಡಕ್ಕೂ `Sample` ಅನ್ನು `Current & Below`ಗೆ ಇಟ್ಟರೆ ಖಾಲಿ ಲೇಯರ್ ಮೇಲೆ ಕೆಲಸ ಮಾಡಬಹುದು.

ಮಸಿ ಇಲ್ಲ, ಆದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ ಅಂದರೆ ಚರ್ಮವನ್ನು ತಪ್ಪು ಜಾಗದಿಂದ ತಂದಿದ್ದೀರಿ. ಹುಬ್ಬಿನ ಮೇಲೆ ಹಣೆಯ ಚರ್ಮ, ಅಲ್ಲಿ ರಂಧ್ರಗಳು ಕಾಣುತ್ತವೆ, ಹೊಳಪೂ ಇರುತ್ತದೆ. ಹುಬ್ಬಿನ ಕೆಳಗೆ ರೆಪ್ಪೆಯ ಚರ್ಮ, ಅದು ತೆಳು, ನಯ, ಸಣ್ಣ ಮಡಿಕೆಗಳು ಇರುತ್ತವೆ. ಮೇಲಿನದನ್ನು ಕೆಳಗೆ ತಂದರೆ ಹೊಂದುವುದಿಲ್ಲ, ಕೆನ್ನೆಯಿಂದ ತಂದರಂತೂ ಕೇಳುವುದೇ ಬೇಡ. ತೆಗೆಯಬೇಕಾದ ಕೂದಲಿನಿಂದ ಪಕ್ಕಕ್ಕೆ, ಹುಬ್ಬಿನಿಂದ ಅಷ್ಟೇ ದೂರದಲ್ಲಿ ಇರುವ ಚರ್ಮವನ್ನೇ ಆರಿಸಿ. ಹುಬ್ಬಿನ ಮೂಳೆಯ ಮೇಲೆ ಬೆಳಕು ಮೇಲಿನಿಂದ ಕೆಳಕ್ಕೆ ಬೇಗ ಬದಲಾಗುತ್ತದೆ, ಪಕ್ಕಕ್ಕೆ ನಿಧಾನವಾಗಿ ಬದಲಾಗುತ್ತದೆ. ಅದಕ್ಕೇ ಪಕ್ಕದ ಚರ್ಮ ಹೊಂದುತ್ತದೆ.

ಎಲ್ಲ ಕೂದಲನ್ನೂ ತೆಗೆಯಬೇಡಿ. ಅಂಚಿನ ಹೊರಗೆ ಮೂರು ನಾಲ್ಕು ಸಣ್ಣ ಕೂದಲು ಬಿಟ್ಟರೆ ಅಂಚು ಕತ್ತರಿಸಿದ ಹಾಗೆ ಕಾಣುವುದಿಲ್ಲ.

ಬಣ್ಣ ಹೊಂದದಿದ್ದರೆ

ಕಪ್ಪು ಬಿಳುಪಿನಲ್ಲಿ ಚೆನ್ನಾಗಿದ್ದು ಬಣ್ಣ ಬಂದಾಗ ಕೆಡುತ್ತದೆ ಅಂದರೆ ಈ ಭಾಗ ನಿಮಗೆ. ಎರಡು ಬಗೆಯ ದೂರು ಬರುತ್ತದೆ.

ಒಂದು, ಬಣ್ಣ ಹತ್ತುವುದೇ ಇಲ್ಲ. `Color` ಮೋಡ್‌ನಲ್ಲಿ ಕಂದು ಬಳಿದರೂ ಹುಬ್ಬು ಕಪ್ಪಾಗೇ ಉಳಿಯುತ್ತದೆ. ಆ ಮೋಡ್ ಕೆಳಗಿನ ಬೆಳಕಿನ ಪ್ರಮಾಣವನ್ನು ಮುಟ್ಟುವುದಿಲ್ಲ, ಬಣ್ಣ ಮಾತ್ರ ಬದಲಿಸುತ್ತದೆ. ಕಪ್ಪಿಗೆ ಹತ್ತಿರದ ಪಿಕ್ಸೆಲ್‌ನಲ್ಲಿ ಬಣ್ಣ ಕಾಣಿಸಲು ಜಾಗವೇ ಇಲ್ಲ. ಮೊದಲು ಒಂದು `Curves` ಲೇಯರ್‌ನಿಂದ ಕಡು ಭಾಗವನ್ನು ಸ್ವಲ್ಪ ಎತ್ತಬೇಕು, ಆಮೇಲೆ ಬಣ್ಣ. ನನ್ನ ಚಿತ್ರದಲ್ಲಿ 0ಯಿಂದ 255ರ ಅಳತೆಯಲ್ಲಿ 30ರ ಸುಮಾರಿನಲ್ಲಿದ್ದ ಕಪ್ಪನ್ನು 45ಕ್ಕೆ ಎತ್ತಿದ್ದೇ ಸಾಕಾಯಿತು. ಅದಕ್ಕಿಂತ ಜಾಸ್ತಿ ಎತ್ತಿದಾಗ ಕೂದಲು ಧೂಳು ಕೂತ ಹಾಗೆ ಮಂಕಾಯಿತು.

ಇನ್ನೊಂದು, ಬಣ್ಣ ಕೂದಲಿಗಿಂತ ಚರ್ಮಕ್ಕೇ ಹತ್ತುತ್ತದೆ. ಹುಬ್ಬಿನ ಸುತ್ತ ಕೆಂಪು ಕಂದು ಬಣ್ಣದ ಒಂದು ಪಟ್ಟಿ, ಮೆಹಂದಿ ಮೆತ್ತಿ ಒರೆಸಿದ ಹಾಗೆ. ಮಾಸ್ಕ್ ಹುಬ್ಬಿನ ಹೊರಗೆರೆಯನ್ನು ಮಾತ್ರ ಅನುಸರಿಸಿದೆ, ಕೂದಲುಗಳ ನಡುವಿನ ಚರ್ಮವನ್ನು ಬಿಟ್ಟಿಲ್ಲ. ಒಂದೊಂದು ಕೂದಲಿಗೂ ಮಾಸ್ಕ್ ಹಾಕಲು ಆಗುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಬಣ್ಣದ ಲೇಯರ್‌ನ `Blending Options` ತೆರೆದರೆ `Blend If` ಅಂತ ಇರುತ್ತದೆ. ಅದರಲ್ಲಿ `Underlying Layer` ಪಟ್ಟಿಯ ಬಲಗಡೆಯ ಬಿಳಿ ಗುಂಡಿಯನ್ನು ಎಡಕ್ಕೆ ಎಳೆಯುತ್ತಾ ಹೋಗಿ. ಚರ್ಮ ತನ್ನ ಸ್ವಂತ ಬಣ್ಣಕ್ಕೆ ಮರಳಿದ ಕಡೆ ನಿಲ್ಲಿಸಿ. ಆಮೇಲೆ `Alt` ಒತ್ತಿಕೊಂಡು ಆ ಗುಂಡಿಯನ್ನು ಎರಡಾಗಿ ಸೀಳಿ ಅರ್ಧವನ್ನು ವಾಪಸ್ ಬಲಕ್ಕೆ ಎಳೆಯಿರಿ. ಸೀಳದೇ ಬಿಟ್ಟರೆ ಕೂದಲ ಅಂಚು ಹಲ್ಲು ಹಲ್ಲಾಗುತ್ತದೆ.

ಗಿಂಪ್‌ನಲ್ಲಾದರೆ ಫೋಟೋದ ಲೇಯರ್ ನಕಲು ಮಾಡಿ, `Add Layer Mask`ನಲ್ಲಿ `Grayscale copy of layer` ಆರಿಸಿ, `Invert mask` ಗುರುತು ಹಾಕಿ. ಕಡು ಭಾಗ ಮಾತ್ರ ಕಾಣುವ ಮಾಸ್ಕ್ ಸಿಗುತ್ತದೆ. ಮಾಸ್ಕ್ ಮೇಲೆ `Levels` ಹಾಕಿ ಚರ್ಮ ಪೂರ್ತಿ ಕಪ್ಪಾಗುವಂತೆ ಮಾಡಿ, ಕಣ್ಣು ಮತ್ತು ತಲೆಗೂದಲಿನ ಮೇಲೆ ಕಪ್ಪು ಬಳಿದು ಮುಚ್ಚಿ. ಆಮೇಲೆ ಮಾಸ್ಕ್ ಬಿಟ್ಟು ಲೇಯರ್‌ಗೆ ಬಣ್ಣ ಬದಲಿಸಿ.

ಕಂದು ಎಷ್ಟು ಅನ್ನುವುದಕ್ಕೆ ತಲೆಗೂದಲಿನ ನೆರಳಿನ ಭಾಗ ನೋಡಿ, ಹೊಳೆಯುವ ಭಾಗವನ್ನಲ್ಲ. ಅಲ್ಲಿನ ಬಣ್ಣಕ್ಕಿಂತ ಹುಬ್ಬು ಒಂದು ಹಂತ ಕಡುವಾಗಿ, ಬಣ್ಣದ ತೀವ್ರತೆ ಸ್ವಲ್ಪ ಕಡಿಮೆಯಾಗಿ ಇಟ್ಟಾಗ ನನಗೆ ಸರಿ ಬಂತು. ಕಪ್ಪು ಹುಬ್ಬನ್ನು ತೀರಾ ತಿಳಿ ಬಣ್ಣಕ್ಕೆ ತರಲು ಹೋಗಬೇಡಿ. ಕಪ್ಪಿನಲ್ಲಿ ಅಡಗಿದ್ದ ಕಾಳೆಲ್ಲ ಮೇಲೆ ಬರುತ್ತದೆ.

ಹತ್ತಿರದಿಂದ ಮಾತ್ರ ಕೆಟ್ಟದಾಗಿ ಕಂಡರೆ

ಇದು ಸುಲಭದ್ದು. ನೀವು ಬರೆದ ಎಳೆ ಲೆನ್ಸ್ ಮೂಲಕ ಬಂದಿಲ್ಲ, ಹಾಗಾಗಿ ಪಕ್ಕದ ಕೂದಲಿಗಿಂತ ಚೂಪಾಗಿದೆ, ನುಣುಪಾಗಿದೆ. ಎಳೆಗಳ ಲೇಯರ್‌ಗೆ `Gaussian Blur` 0.5 ಪಿಕ್ಸೆಲ್ ಹಾಕಿ, ಪಕ್ಕದ ನಿಜವಾದ ಕೂದಲಿನ ಜೊತೆ ಹೋಲಿಸಿ, ಬೇಕಾದರೆ 0.3 ಅಥವಾ 0.7 ಮಾಡಿ. ಆಮೇಲೆ `Add Noise`, 1ರಿಂದ 2%, `Gaussian`, `Monochromatic`. ಮೊದಲು ಬ್ಲರ್, ನಂತರ ಕಾಳು. ಉಲ್ಟಾ ಮಾಡಿದರೆ ಕಾಳೂ ಮಸುಕಾಗುತ್ತದೆ. ಕಾಳು ಸಾಲದಿದ್ದರೆ ನೀಲಿ ಚಾನೆಲ್ ಮಾತ್ರ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲೇ ಕಾಳು ಜಾಸ್ತಿ ಇರುವುದು. ಬರೆದ ಎಳೆ ಅಲ್ಲಿ ನಯವಾದ ಗೆರೆಯಾಗಿ ಎದ್ದು ಕಾಣುತ್ತದೆ.

ಮುಖ ಸ್ವಲ್ಪ ತಿರುಗಿದ್ದರೆ ದೂರದ ಹುಬ್ಬು ಫೋಕಸ್‌ನಿಂದ ಹೊರಗಿರಬಹುದು. ಎರಡು ಹುಬ್ಬಿಗೂ ಒಂದೇ ಲೇಯರ್, ಒಂದೇ ಬ್ಲರ್ ಕೊಟ್ಟರೆ ಒಂದು ಖಂಡಿತ ತಪ್ಪುತ್ತದೆ.

ಈ ದಾರಿ ನಡೆಯದ ಕಡೆ

ಹುಬ್ಬು ನೂರು ಪಿಕ್ಸೆಲ್ ಅಗಲವೂ ಇಲ್ಲದ ಸಣ್ಣ ಚಿತ್ರದಲ್ಲಿ ಎಳೆ ಬರೆಯಬೇಡಿ. ಅಲ್ಲಿ ಮೂಲ ಹುಬ್ಬಿನಲ್ಲೇ ಎಳೆಗಳು ಕಾಣುವುದಿಲ್ಲ, ನಿಮ್ಮದು ಮಾತ್ರ ಕಾಣುತ್ತದೆ. ಮೃದು ಬ್ರಷ್‌ನಿಂದ ಕಪ್ಪಿನ ಪ್ರಮಾಣ ಹೆಚ್ಚು ಕಡಿಮೆ ಮಾಡಿ ನಿಲ್ಲಿಸಿ.

ಚೆನ್ನಾಗಿರುವ ಹುಬ್ಬನ್ನು ನಕಲು ಮಾಡಿ, ತಿರುಗಿಸಿ ಇನ್ನೊಂದು ಕಡೆ ಇಡುವುದು ಬಹಳ ಜನ ಮಾಡುವ ಕೆಲಸ. ದಿಕ್ಕು ಸರಿಯಾಗೇ ಬರುತ್ತದೆ, ಆದರೆ ಬೆಳಕು ಉಲ್ಟಾ ಆಗುತ್ತದೆ. ಎಡದಿಂದ ಬೆಳಕು ಬಿದ್ದ ಮುಖದಲ್ಲಿ ಒಂದು ಹುಬ್ಬಿಗೆ ಮಾತ್ರ ಬಲದಿಂದ ಬೆಳಕು ಬಿದ್ದ ಹಾಗೆ ಕಾಣುತ್ತದೆ. ಅದರ ಜೊತೆ ಎರಡೂ ಹುಬ್ಬು ಒಂದೇ ಅಚ್ಚಿನಂತಾಗಿ ಮುಖದ ಗುರುತೇ ಬದಲಾಗುತ್ತದೆ. ಅದಕ್ಕೇ ಕೋನ ಮಾತ್ರ ತೆಗೆದುಕೊಳ್ಳಿ ಅಂದದ್ದು. ಬೆಳಕು ನೇರ ಎದುರಿನಿಂದ ಸಮವಾಗಿ ಬಿದ್ದಿದ್ದು, ಮುಖವೂ ನೇರ ಇದ್ದರೆ, ಬಾಲದ ಒಂದು ತುಣುಕನ್ನು ಹೀಗೆ ತರಬಹುದು. ತಂದ ಮೇಲೆ ಅರ್ಧದಷ್ಟನ್ನು ಮಾಸ್ಕ್‌ನಲ್ಲಿ ಮುಚ್ಚಿ, ಉಳಿದದ್ದನ್ನು ಕೈಯಲ್ಲೇ ಬರೆಯಿರಿ.

ನನ್ನ ಗೆಳತಿಯ ಚಿತ್ರದಲ್ಲಿ ಕೊನೆಗೆ ಉಳಿದದ್ದು ಐದು ಲೇಯರ್: ತೆಗೆದ ಕೂದಲು, ನೆರಳು, ನಲವತ್ತು ಎಳೆ, `Curves`, ಬಣ್ಣ. ಮೂರು ಪರೀಕ್ಷೆಯನ್ನೂ ಮತ್ತೆ ಮಾಡಿದೆ. ತಿರುಗಿಸಿ ನೋಡಿದಾಗ ಬಲ ಹುಬ್ಬಿನ ಬಾಲ ಎಡದ್ದಕ್ಕಿಂತ ಒಂದಿಷ್ಟು ಉದ್ದ ಅನ್ನಿಸಿತು, ತುದಿಯ ನಾಲ್ಕು ಎಳೆ ಅಳಿಸಿದೆ. ಈ ಸಲ ಅವಳಿಗೆ ಹಳೆಯದು ಹೊಸದು ಎರಡನ್ನೂ, ಯಾವುದು ಯಾವುದು ಅಂತ ಹೇಳದೆ ಕಳಿಸಿದೆ. ಹೊಸದನ್ನು ನೋಡಿ "ಇದರಲ್ಲಿ ಹುಬ್ಬು ಮುಟ್ಟಿಲ್ಲ ಅಲ್ವಾ?" ಅಂತ ಕೇಳಿದಳು.